ಇಂಟರ್ನ್‌ಶಿಪ್ ಅರ್ಜಿಯಲ್ಲಿ ಕಮ್ಮಿ ಮಾರ್ಕ್ಸ್ ಬಗ್ಗೆ ಏನು ಬರೆಯೋದು?

ಮಂಡ್ಯದ ಇಂಜಿನಿಯರಿಂಗ್ ಹುಡುಗಿಯೊಬ್ಬಳು ಮೊನ್ನೆ ಕವರ್ ಲೆಟರ್ ತೋರಿಸಿದಳು. ಮೂರನೇ ಸೆಮ್‌ನಲ್ಲಿ ಎಸ್‌ಜಿಪಿಎ 5.4, ಎರಡು ಬ್ಯಾಕ್‌ಲಾಗ್. ಅದಕ್ಕೆ ಅರ್ಧ ಪುಟ ವಿವರಣೆ, ಜೊತೆಗೆ ಪೇಪರ್ ಕಷ್ಟ ಇತ್ತು ಅನ್ನೋ ದೂರು. ದೂರನ್ನು ಮೊದಲು ತೆಗೆಸಿದೆ. ಕೊನೆಗೆ ಉಳಿದದ್ದು ಇಷ್ಟೇ:

“ಮೂರನೇ ಸೆಮ್‌ನಲ್ಲಿ ತಂದೆಯ ಆಪರೇಷನ್‌ನಿಂದಾಗಿ ಕ್ಲಾಸ್ ತಪ್ಪಿ, ಎರಡು ವಿಷಯ ಉಳಿದವು. ಮುಂದಿನ ಸೆಮ್‌ನಲ್ಲಿ ಎರಡನ್ನೂ ಪಾಸ್ ಮಾಡಿದೆ. ಐದನೇ ಸೆಮ್‌ನಲ್ಲಿ 7.8 ಬಂದಿದೆ. ಉಳಿದಿದ್ದ ಎರಡರಲ್ಲೊಂದು ಡೇಟಾ ಸ್ಟ್ರಕ್ಚರ್ಸ್; ಅದನ್ನು ಬಳಸಿ ಮಾಡಿದ ಪ್ರಾಜೆಕ್ಟ್ ಲಿಂಕ್ ಕೆಳಗಿದೆ.”

ಕಾರಣಕ್ಕೆ ಒಂದೇ ಸಾಲು, ಆಮೇಲೆ ಮಾಡಿದ್ದಕ್ಕೆ ಜಾಸ್ತಿ ಜಾಗ. ಆಸ್ಪತ್ರೆಯ ವಿವರ ಕಂಪನಿಯವರಿಗೆ ಬೇಕಿಲ್ಲ, ಅಲ್ವಾ? ಸೆಮ್ ಬಿಟ್ಟಿದ್ದರೂ ಹೀಗೇ ಬರೆಯಿರಿ. ರೆಸ್ಯೂಮೆಯಲ್ಲಿ ಸಿಜಿಪಿಎ ಇದ್ದ ಹಾಗೇ ಹಾಕಿ. 6.46 ಅನ್ನು 6.5 ಮಾಡಿದರೆ ಮಾರ್ಕ್ಸ್ ಕಾರ್ಡ್ ಕೇಳಿದಾಗ ಸಿಕ್ಕಿಬೀಳ್ತೀರಿ. ಆದರೆ ಕಂಪನಿ ಕಟ್‌ಆಫ್ ಇಟ್ಟು, ನಿಮ್ಮದು ಅದಕ್ಕಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಈ ಸಾಲುಗಳನ್ನು ಯಾರೂ ಓದಲ್ಲ.