ಘಾತ ಮೊದಲು, ಅಂಕಿ ಆಮೇಲೆ

ಒಂದು ಗ್ರಾಂ ರೈಜೋಬಿಯಂ ಜೈವಿಕ ಗೊಬ್ಬರದಲ್ಲಿ ಎಷ್ಟು ಜೀವಂತ ಬ್ಯಾಕ್ಟೀರಿಯಾಗಳಿವೆ ಎಂದು ಲೆಕ್ಕ ಹಾಕುವುದು ಲ್ಯಾಬಿನಲ್ಲಿ ನನ್ನ ಕೆಲಸ. ಪುಡಿ ಗೊಬ್ಬರಕ್ಕೆ ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶ ಇಟ್ಟಿರುವ ಕನಿಷ್ಠ ಮಟ್ಟ ಗ್ರಾಂಗೆ 5 × 10⁷, ಅಂದರೆ ಐದು ಕೋಟಿ.

ಕೋಟಿಗಟ್ಟಲೆ ಜೀವಿಗಳನ್ನು ಎಣಿಸಲಾಗದು. ಅದಕ್ಕೇ ಹತ್ತು ಗ್ರಾಂ ಪುಡಿಯನ್ನು 90 ಮಿ.ಲೀ. ಶುದ್ಧೀಕರಿಸಿದ ನೀರಿಗೆ ಹಾಕಿ ಚೆನ್ನಾಗಿ ಕುಲುಕುತ್ತೇನೆ. ಇದು 10⁻¹. ಇದರಿಂದ ಒಂದು ಮಿ.ಲೀ. ತೆಗೆದು ಒಂಬತ್ತು ಮಿ.ಲೀ. ನೀರಿಗೆ ಬಿಟ್ಟರೆ 10⁻². ಹೀಗೆಯೇ ಮುಂದುವರಿದು 10⁻⁶ ತಲುಪಿದಾಗ, ಆ ಟ್ಯೂಬಿನ ಪ್ರತಿ ಮಿ.ಲೀ.ನಲ್ಲಿ ಇರುವುದು ಗ್ರಾಂನ ಹತ್ತು ಲಕ್ಷದ ಒಂದು ಪಾಲು ಪುಡಿ ಮಾತ್ರ. ಅದರಲ್ಲಿ 0.1 ಮಿ.ಲೀ. ಪ್ಲೇಟಿಗೆ ಹರಡಿದರೆ ಘಾತ ಇನ್ನೊಂದು ಮೆಟ್ಟಿಲು ಇಳಿದು 10⁻⁷ ಆಗುತ್ತದೆ. ಈ ಕೊನೆಯ ಮೆಟ್ಟಿಲನ್ನು ಮರೆತರೆ ಫಲಿತಾಂಶ ಹತ್ತು ಪಟ್ಟು ಕಡಿಮೆ ಬರುತ್ತದೆ.

ಪ್ಲೇಟಿನಲ್ಲಿ ಒಂದೊಂದು ಜೀವಂತ ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಒಂದೊಂದು ಚುಕ್ಕಿಯಾಗುತ್ತದೆ; ಅದೇ ಕಾಲೊನಿ. ಕೆಲವು ದಿನಗಳ ನಂತರ ಪ್ಲೇಟಿನಲ್ಲಿ 62 ಕಾಲೊನಿ ಕಂಡವು ಎನ್ನೋಣ. 62 × 10⁷ ಎಂದರೆ 6.2 × 10⁸. ಮೊದಲು ನೋಡುವುದು ಘಾತವನ್ನೇ: ಬೇಕಾದದ್ದು ಏಳು, ಬಂದದ್ದು ಎಂಟು. 6.2 ಎಷ್ಟು ಹೆಚ್ಚು ಕಡಿಮೆಯಾದರೂ ತೀರ್ಪು ಬದಲಾಗದು. 62,00,00,000 ಎಂದು ಬರೆದರೆ ಕೊನೆಯ ಸೊನ್ನೆಯವರೆಗೂ ಎಣಿಸಿದಂತೆ ಕಾಣುತ್ತದೆ; ನಾನು ಎಣಿಸಿದ್ದು ಎರಡೇ ಅಂಕಿ.

ಘಾತವೇ ತಪ್ಪಿದ್ದರೆ ಗೊತ್ತಾಗುವುದು ಹೇಗೆ? ಪಕ್ಕದ ಪ್ಲೇಟು ನೋಡಬೇಕು. 10⁻⁷ ಟ್ಯೂಬಿನದರಲ್ಲಿ ಆರು ಕಾಲೊನಿಯ ಆಸುಪಾಸು ಇರಬೇಕು. ನಲವತ್ತು ಇದ್ದರೆ ಪಿಪೆಟ್ ಬದಲಿಸಿಲ್ಲ, ಇಲ್ಲವೇ ಟ್ಯೂಬು ಸರಿಯಾಗಿ ಕುಲುಕಿಲ್ಲ ಎಂಬ ಅನುಮಾನ ನನಗೆ. 0.1 ಮಿ.ಲೀ. ಮರೆತದ್ದು ಮಾತ್ರ ಇದರಿಂದ ಸಿಕ್ಕಿಬೀಳದು, ಏಕೆಂದರೆ ಆ ತಪ್ಪು ಎಲ್ಲ ಪ್ಲೇಟಿಗೂ ಒಂದೇ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಒಂದು ಬ್ಯಾಕ್ಟೀರಿಯಾದ ತೂಕ ಸುಮಾರು 10⁻¹² ಗ್ರಾಂ. ಗುಣಿಸುವಾಗ ಘಾತಗಳನ್ನು ಕೂಡಿದರೆ ಸಾಕು: ಎಂಟಕ್ಕೆ ಮೈನಸ್ ಹನ್ನೆರಡು ಸೇರಿ ಮೈನಸ್ ನಾಲ್ಕು. ಗ್ರಾಂ ಗೊಬ್ಬರದಲ್ಲಿರುವ ಎಲ್ಲ ಬ್ಯಾಕ್ಟೀರಿಯಾಗಳ ತೂಕ 6.2 × 10⁻⁴ ಗ್ರಾಂ, ಒಂದು ಮಿಲಿಗ್ರಾಂಗೂ ಕಡಿಮೆ. ಇದು ನಂಬುವಂಥದ್ದು. ವರದಿಯಲ್ಲಿ 6.2 × 10¹² ಎಂದಿದ್ದರೆ ಒಂದು ಗ್ರಾಂ ಪುಡಿಯಲ್ಲಿ ಆರು ಗ್ರಾಂ ಬ್ಯಾಕ್ಟೀರಿಯಾ ಇದ್ದಂತಾಯಿತು!

ಘಾತ ಕೈಕೊಡುವುದು ಗಡಿಯಲ್ಲಿ. 4.6 × 10⁷ ಬಂದಾಗ ಎರಡೂ ಕಡೆ ಏಳೇ; ಮುಂದಿನ ಅಂಕಿಯೇ ತೀರ್ಮಾನಿಸಬೇಕು. ಆದರೆ 46 ಕಾಲೊನಿ ಎಣಿಸಿದಲ್ಲಿ ಆರೇಳು ಹೆಚ್ಚುಕಡಿಮೆ ಆಗುವುದು ಸಹಜ. ಅಂಥ ಮಾದರಿಯನ್ನು ಒಂದೇ ಪ್ಲೇಟಿನ ಮೇಲೆ ಫೇಲ್ ಎಂದು ಬರೆಯುವುದಿಲ್ಲ. ಹೊಸದಾಗಿ ಹತ್ತು ಗ್ರಾಂ ತೂಗಿ, ಹೆಚ್ಚು ಪ್ಲೇಟುಗಳಿಗೆ ಹರಡುತ್ತೇನೆ.