ಓವರ್‌ಟೈಮ್ ಮಾಡಿಸುವ ಮೊದಲು ಮಷಿನ್ ಗಂಟೆಯ ಬೆಲೆ ತಿಳಿಯುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳು ದಡದಲ್ಲಿರುತ್ತವೆ, ವರ್ಕ್‌ಶಾಪ್‌ಗಳಲ್ಲಿ ಕೆಲಸ ತುಂಬಿರುತ್ತದೆ. ಆಗಸ್ಟ್ ಹತ್ತಿರ ಬಂದ ಹಾಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಓಟಿ ಮಾಡಿಸುವ ಮಾರಾಯ್ರೆ, ಆರ್ಡರ್ ಉಂಟಲ್ಲ." ಯಾವ ಮಷಿನಿಗೆ, ಎಷ್ಟು ಗಂಟೆ ಎಂದು ಕೇಳಿದರೆ ಹೊಸ ಲೇತ್ ಕಡೆ ಬೆರಳು ತೋರಿಸುತ್ತಾರೆ. ಹೆಚ್ಚು ದುಡ್ಡು ಕೊಟ್ಟು ತಂದ ಮಷಿನ್ ಅದು, ಅಷ್ಟೇ ಕಾರಣ. ಈ ತಪ್ಪನ್ನು ನಾನು ಹಲವು ಕಡೆ ನೋಡಿದ್ದೇನೆ. ಸರಿಯಾದ ಲೆಕ್ಕಕ್ಕೆ ಒಂದು ಹಾಳೆ ಸಾಕು.

ಹೆಜ್ಜೆ 1: ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ

ಉದಾಹರಣೆಗೆ ಎರಡೇ ಐಟಂ ಮಾಡುವ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಒಂದು ಪ್ರೊಪೆಲ್ಲರ್ ಶಾಫ್ಟ್‌ಗೆ ಲೇತ್‌ನಲ್ಲಿ 2 ಗಂಟೆ, ಮಿಲ್ಲಿಂಗ್ ಮಷಿನ್‌ನಲ್ಲಿ 1 ಗಂಟೆ ಬೇಕು. ಒಂದು ಕಪ್ಲಿಂಗ್‌ಗೆ ಎರಡರಲ್ಲೂ ಒಂದೊಂದು ಗಂಟೆ. ವಾರಕ್ಕೆ ಲೇತ್ 48 ಗಂಟೆ ಸಿಗುತ್ತದೆ. ಮಿಲ್ಲಿಂಗ್ ಮಷಿನ್ ಬೇರೆ ಜಾಬ್‌ವರ್ಕ್‌ಗೂ ಬೇಕಾದ್ದರಿಂದ ನಮಗೆ ಸಿಗುವುದು 30 ಗಂಟೆ. ಮಾಲು, ಟೂಲ್, ಕರೆಂಟ್ ಖರ್ಚು ಕಳೆದರೆ ಶಾಫ್ಟ್‌ಗೆ 1400 ರೂಪಾಯಿ, ಕಪ್ಲಿಂಗ್‌ಗೆ 1000 ರೂಪಾಯಿ ಉಳಿಯುತ್ತದೆ. ಮಾಮೂಲಿ ಸಂಬಳವನ್ನು ಇದರಲ್ಲಿ ಕಳೆದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕು. ಆರ್ಡರ್ ಇರುವುದು ವಾರಕ್ಕೆ 24 ಶಾಫ್ಟ್, 20 ಕಪ್ಲಿಂಗ್ ತನಕ.

ಹೆಜ್ಜೆ 2: ಅತಿ ಹೆಚ್ಚು ಉಳಿಯುವ ಮಿಶ್ರಣ ಹುಡುಕಿ

ಎಕ್ಸೆಲ್ ಸಾಲ್ವರ್ ಇದನ್ನು ಕ್ಷಣದಲ್ಲಿ ಹೇಳುತ್ತದೆ: 18 ಶಾಫ್ಟ್, 12 ಕಪ್ಲಿಂಗ್, ಉಳಿಕೆ 37,200 ರೂಪಾಯಿ. ಎರಡೂ ಮಷಿನ್ ಪೂರ್ತಿ ಭರ್ತಿ.

ಹೆಜ್ಜೆ 3: ಒಂದು ಗಂಟೆ ಜಾಸ್ತಿ ಕೊಟ್ಟು ನೋಡಿ

ಎಡವುವುದು ಇಲ್ಲೇ. "ಶಾಫ್ಟ್‌ಗೆ 2 ಗಂಟೆ, 1400 ರೂಪಾಯಿ. ಹಾಗಾದರೆ ಲೇತ್ ಗಂಟೆಗೆ 700" ಎಂದು ಒಬ್ಬರು ಭಾಗಿಸುತ್ತಾರೆ. ಇನ್ನೊಬ್ಬರು ಕಪ್ಲಿಂಗ್ ಹಿಡಿದು 1000 ಅನ್ನುತ್ತಾರೆ. ಹೀಗೆ ಭಾಗಿಸಿ ತೋರಿಸುವ ರೆಡಿಮೇಡ್ ಎಕ್ಸೆಲ್ ಶೀಟ್‌ಗಳೂ ಓಡಾಡುತ್ತವೆ. ಈ ಕೆಲಸಕ್ಕೆ ಅವನ್ನು ಮುಟ್ಟಬೇಡಿ. ಲೇತ್ ಒಂದೇ ಸಾಕು, ಮಿಲ್ಲಿಂಗ್ ಪುಕ್ಕಟೆ ಸಿಗುತ್ತದೆ ಎಂದುಕೊಂಡು ಮಾಡಿದ ಲೆಕ್ಕ ಅದು.

ನಿಜವಾಗಿ ಆಗುವುದೇ ಬೇರೆ. ಲೇತ್ 49 ಗಂಟೆ ಆಯಿತು, ಮಿಲ್ಲಿಂಗ್ 30ರಲ್ಲೇ ನಿಂತಿದೆ ಎನ್ನಿ. ಒಂದು ಶಾಫ್ಟ್ ಹೆಚ್ಚು ಮಾಡಬೇಕಾದರೆ ಅದಕ್ಕೆ ಮಿಲ್ಲಿಂಗ್‌ನ 1 ಗಂಟೆ ಬೇಕು. ಅದು ಎಲ್ಲಿಂದ ಬರಬೇಕು? ಒಂದು ಕಪ್ಲಿಂಗ್ ಬಿಟ್ಟರೆ ಬರುತ್ತದೆ. ಆ ಕಪ್ಲಿಂಗ್ ಬಿಟ್ಟಾಗ ಲೇತ್‌ನಲ್ಲೂ 1 ಗಂಟೆ ಸಿಗುತ್ತದೆ. ಅದಕ್ಕೆ ಓವರ್‌ಟೈಮ್‌ನ 1 ಗಂಟೆ ಸೇರಿದರೆ ಶಾಫ್ಟ್‌ಗೆ ಬೇಕಾದ 2 ಗಂಟೆ ಆಯಿತು. ಈಗ 19 ಶಾಫ್ಟ್, 11 ಕಪ್ಲಿಂಗ್. 1400 ಬಂತು, 1000 ಹೋಯಿತು. ಒಟ್ಟು 37,600, ಅಂದರೆ ಹೆಚ್ಚಿದ್ದು 400 ರೂಪಾಯಿ. ಇದೇ ಲೇತ್ ಗಂಟೆಯ ಶ್ಯಾಡೋ ಪ್ರೈಸ್, ಅಂದರೆ ನೆರಳು ಬೆಲೆ. 700 ಅಲ್ಲ, 1000 ಅಂತೂ ಅಲ್ವೇ ಅಲ್ಲ.

ಈಗ ಲೇತ್ 48ರಲ್ಲೇ ಇಟ್ಟು ಮಿಲ್ಲಿಂಗ್ 31 ಮಾಡಿ. ಒಂದು ಶಾಫ್ಟ್ ಬಿಟ್ಟು ಎರಡು ಕಪ್ಲಿಂಗ್ ಮಾಡಬಹುದು: 17 ಮತ್ತು 14. ಉಳಿಕೆ 37,800. ಹಳೆಯ ಮಿಲ್ಲಿಂಗ್ ಮಷಿನ್‌ನ ಗಂಟೆಗೆ 600 ರೂಪಾಯಿ! ಮೂಲೆಯಲ್ಲಿರುವ ಮಷಿನ್ ಹೊಸ ಲೇತ್‌ಗಿಂತ ದುಬಾರಿ. ಅಂಗಡಿಯಲ್ಲಿ ಖಾಲಿ ನಿಲ್ಲುವ ಡ್ರಿಲ್ಲಿಂಗ್ ಮಷಿನ್ ಇದ್ದರೆ ಅದರ ನೆರಳು ಬೆಲೆ ಸೊನ್ನೆ. ಅಲ್ಲಿ ಒಂದು ನಿಮಿಷವೂ ಓವರ್‌ಟೈಮ್ ಬೇಡ.

ಸಾಲ್ವರ್ ಬಳಸುವವರು ವಿಧಾನವನ್ನು Simplex LP ಎಂದೇ ಆರಿಸಿ, Sensitivity ರಿಪೋರ್ಟ್ ತೆಗೆಯಿರಿ. Shadow Price ಕಾಲಂನಲ್ಲಿ 400 ಮತ್ತು 600 ಕಾಣಬೇಕು. "ಅರ್ಧ ಶಾಫ್ಟ್ ಮಾಡಲು ಆಗುವುದಿಲ್ಲವಲ್ಲ" ಎಂದು ಪೂರ್ಣಾಂಕದ ಷರತ್ತು ಹಾಕಿದರೆ ಈ ರಿಪೋರ್ಟ್ ಸಿಗುವುದಿಲ್ಲ, ಅದನ್ನು ತೆಗೆದುಹಾಕಿ. ಆದರೂ ಮೊದಲ ಸಲ ಪೆನ್ನು ಹಿಡಿದೇ ಮಾಡಿ. ಯಾವುದನ್ನು ಬಿಟ್ಟು ಯಾವುದನ್ನು ಮಾಡಿದೆವು ಎಂಬುದು ರಿಪೋರ್ಟಿನಲ್ಲಿ ಕಾಣುವುದಿಲ್ಲ. ಲೇತ್ ಮೇಸ್ತ್ರಿಗೆ ಹೇಳಬೇಕಾದದ್ದು ಅದನ್ನೇ ಅಲ್ವಾ?

ಹೆಜ್ಜೆ 4: ಓವರ್‌ಟೈಮ್ ಗಂಟೆಯ ಖರ್ಚಿನ ಜತೆ ಹೋಲಿಸಿ

ಆಪರೇಟರ್‌ಗೆ ಗಂಟೆಗೆ 130 ರೂಪಾಯಿ ಎನ್ನಿ. ಓವರ್‌ಟೈಮ್ ಅಂದರೆ ಎರಡು ಪಟ್ಟು, 260. ಸಂಜೆ ಎರಡು ಗಂಟೆ ನಿಲ್ಲಿಸಿದರೆ ಚಾ-ತಿಂಡಿ, ಮನೆಗೆ ರಿಕ್ಷಾ ಸೇರಿ 120, ಗಂಟೆಗೆ 60 ಬಿತ್ತು. ಒಟ್ಟು 320. ಲೇತ್‌ನಲ್ಲಿ ಗಂಟೆಗೆ 80 ಉಳಿಯುತ್ತದೆ, ಮಿಲ್ಲಿಂಗ್‌ನಲ್ಲಿ 280. ಜತೆಗೆ ಗಂಟೆಗೆ 75 ರೂಪಾಯಿಯ ಹೆಲ್ಪರ್‌ನನ್ನೂ ನಿಲ್ಲಿಸಿದರೆ 150 ಸೇರಿ 470 ಆಯಿತು. ಆಗ ಲೇತ್ ಗಂಟೆಗೆ 70 ರೂಪಾಯಿ ನಷ್ಟ. ಮಿಲ್ಲಿಂಗ್‌ನಲ್ಲಿ ಆಗಲೂ 130 ಲಾಭ. ಹಾಗಾಗಿ ಮೊದಲು ಮಿಲ್ಲಿಂಗ್ ಓಡಿಸಿ. ಲೇತ್‌ಗೆ ಹೆಲ್ಪರ್ ಬೇಕೇ ಬೇಕು ಅಂತಾದರೆ ಅಲ್ಲಿ ಓವರ್‌ಟೈಮ್ ಬಿಟ್ಟುಬಿಡಿ.

ಸಂಬಳದ ಮಾತು ನೆನಪಿಡಿ ಎಂದಿದ್ದೆ. ಕೆಲವರು ಐಟಂನ ಉಳಿಕೆಯಲ್ಲೇ ಆಪರೇಟರ್‌ನ ಮಾಮೂಲಿ 130 ಕಳೆದಿರುತ್ತಾರೆ. ಶಾಫ್ಟ್‌ಗೆ ಒಟ್ಟು 3 ಗಂಟೆ, ಹಾಗಾಗಿ 1400 ಇದ್ದದ್ದು 1010. ಕಪ್ಲಿಂಗ್ 740. ಆಗ ಲೇತ್‌ನ ನೆರಳು ಬೆಲೆ 270 ಎಂದು ಬರುತ್ತದೆ. ಅದನ್ನು 320ರ ಜತೆ ಇಟ್ಟು "ನಷ್ಟ" ಎಂದು ಓವರ್‌ಟೈಮ್ ನಿಲ್ಲಿಸಿದವರಿದ್ದಾರೆ. 130 ಎರಡು ಸಲ ಕಳೆದಂತಾಯಿತು. ಆ ಲೆಕ್ಕದಲ್ಲಿ ಹೋಲಿಸಬೇಕಾದದ್ದು 320ರಿಂದ 130 ಕಳೆದ 190ರ ಜತೆ. 270ರಲ್ಲಿ 190 ಹೋದರೆ ಮತ್ತೆ ಅದೇ 80. ಎರಡು ದಾರಿಯೂ ಸರಿ, ಬೆರಕೆ ಮಾಡಬಾರದು. ನನ್ನ ಕೇಳಿದರೆ ಮಾಮೂಲಿ ಸಂಬಳ ಕಳೆಯದೆ ಬಿಡುವುದೇ ವಾಸಿ. ಶಾಫ್ಟ್ ಒಂದು ಕಡಿಮೆ ಮಾಡಿದರೂ ಆ ಸಂಬಳ ಕೊಡಲೇಬೇಕಲ್ಲ.

ಹೆಜ್ಜೆ 5: ಎಷ್ಟು ಗಂಟೆ ತನಕ?

400 ರೂಪಾಯಿ ಎಲ್ಲಾ ಗಂಟೆಗೂ ನಡೆಯುವುದಿಲ್ಲ. ಲೇತ್ ಗಂಟೆ ಒಂದೊಂದೇ ಏರಿದ ಹಾಗೆ ಶಾಫ್ಟ್ ಒಂದೊಂದೇ ಏರುತ್ತದೆ. 54 ಗಂಟೆಗೆ ಶಾಫ್ಟ್ 24 ಆಯಿತು, ಆರ್ಡರ್ ಮುಗಿಯಿತು. 55ನೇ ಗಂಟೆಗೆ ಸಿಗುವುದು ಸೊನ್ನೆ. ಮಿಲ್ಲಿಂಗ್‌ನಲ್ಲಿ 34 ಗಂಟೆಗೆ ಕಪ್ಲಿಂಗ್ 20 ಆಗಿ ನಿಲ್ಲುತ್ತದೆ. ರಿಪೋರ್ಟಿನ Allowable Increase ಕಾಲಂ ಹೇಳುವುದು ಇದನ್ನೇ: ಲೇತ್‌ಗೆ 6, ಮಿಲ್ಲಿಂಗ್‌ಗೆ 4. ಒಂದನ್ನು ಮಾತ್ರ ಬದಲಿಸಿದಾಗಿನ ಮಿತಿ ಅದು. ಎರಡನ್ನೂ ಒಟ್ಟಿಗೆ ಏರಿಸುವುದಾದರೆ ಹೊಸ ಗಂಟೆ ಹಾಕಿ ಮತ್ತೊಮ್ಮೆ ಸಾಲ್ವ್ ಮಾಡಿ.

ಆರ್ಡರ್ ಬದಲಾದ ವಾರವೂ ಮತ್ತೆ ಮಾಡಲೇಬೇಕು. ಬೋಟು ನೀರಿಗಿಳಿದ ಮೇಲೆ ಶಾಫ್ಟ್ ಆರ್ಡರ್ 12ಕ್ಕೆ ಬಿತ್ತು ಎನ್ನಿ. ಆಗ 12 ಶಾಫ್ಟ್, 18 ಕಪ್ಲಿಂಗ್. ಲೇತ್‌ಗೆ 42 ಗಂಟೆಯ ಕೆಲಸ ಮಾತ್ರ, 6 ಗಂಟೆ ಖಾಲಿ, ನೆರಳು ಬೆಲೆ ಸೊನ್ನೆ. ಮಿಲ್ಲಿಂಗ್ ಗಂಟೆ ಮಾತ್ರ 1000 ರೂಪಾಯಿಗೆ ಏರುತ್ತದೆ, ಅದೂ ಎರಡೇ ಗಂಟೆಗೆ. ಜುಲೈಯಲ್ಲಿ ಲೇತ್ ಪಕ್ಕದ ಬೋರ್ಡ್ ಮೇಲೆ ಬರೆದ 400 ಅಷ್ಟೊತ್ತಿಗೂ ಹಾಗೇ ಇದ್ದರೆ, ಮೊದಲು ಅದನ್ನು ಒರೆಸಿ.