ಜವಳು ಹೊಲ ಹುಡುಕಲು ಹೋದರೆ ನಕ್ಷೆಯಲ್ಲೇ ತೂತು

ಮುಧೋಳದ ಕಡೆ ನಮ್ಮ ಕಾಕಾನ ಕಬ್ಬಿನ ಹೊಲವಿದೆ. ಎರೆಮಣ್ಣು. ಮಳೆ ನಿಂತು ತಿಂಗಳಾದರೂ ಒಂದು ಮೂಲೆಯಲ್ಲಿ ಕಾಲಿಟ್ಟರೆ ಪಾದ ಹೂತುಹೋಗುತ್ತದೆ. ಸುತ್ತಲಿನ ಇನ್ಯಾವ ಹೊಲಗಳಿಗೆ ಹೀಗೆ ಜವಳು ಹಿಡಿಯಬಹುದು ಅಂತ ತಿಳಿಯಲು ಕ್ಯೂಜಿಐಎಸ್‌ನಲ್ಲಿ ತೇವ ಸೂಚ್ಯಂಕ ಲೆಕ್ಕ ಹಾಕಿದೆ.

ಲೆಕ್ಕದ ಹಿಂದಿನ ವಿಚಾರ ಸರಳ. ಒಂದು ಜಾಗಕ್ಕೆ ಮೇಲಿನಿಂದ ಎಷ್ಟು ನೀರು ಬರುತ್ತದೆ, ಅಲ್ಲಿಂದ ಎಷ್ಟು ಬೇಗ ಇಳಿದು ಹೋಗುತ್ತದೆ? ಬರುವ ನೀರನ್ನು ಇಳಿಜಾರಿನ `tan`ನಿಂದ ಭಾಗಿಸಿ ಲಾಗ್ ತೆಗೆದರೆ ಸಿಗುವುದೇ ಅಂಕ. ಬರುವುದು ಜಾಸ್ತಿ, ಇಳಿಜಾರು ಕಡಿಮೆ ಇದ್ದರೆ ಅಂಕ ಏರುತ್ತದೆ.

ಕೋಪರ್ನಿಕಸ್ ಉಪಗ್ರಹ ಯೋಜನೆಯ, 30 ಮೀಟರ್ ಚೌಕಗಳಿರುವ ನೆಲದ ಎತ್ತರದ ನಕ್ಷೆಯನ್ನು ಮೊದಲು ಮೀಟರಿನಲ್ಲಿ ಅಳೆಯುವ EPSG:32643ಕ್ಕೆ ಬದಲಿಸಿದೆ. ಅಳತೆ ಮೀಟರಿನಲ್ಲಿ ಇಲ್ಲದಿದ್ದರೆ ಇಳಿಜಾರು ತಪ್ಪುತ್ತದೆ. ಆಮೇಲೆ ತಗ್ಗುಗಳನ್ನು ತುಂಬಿಸಿ, ಇಳಿಜಾರು ತೆಗೆದೆ. ಹರಿವಿನ ಲೆಕ್ಕಕ್ಕೆ `r.watershed` ಬಳಸಿದೆ.

ಬಂದ ನಕ್ಷೆಯ ತುಂಬ ತೂತು! ಏರು ಜಾಗಗಳೂ ಖಾಲಿ, ತೀರಾ ಸಮತಟ್ಟಾದ ಜಾಗಗಳೂ ಖಾಲಿ. ಒಂದೊಂದು ಚೌಕವನ್ನೇ ಒತ್ತಿ ನೋಡಿದೆ. ಇಳಿಜಾರು 1.57ರಿಂದ 3.14 ಡಿಗ್ರಿಯೊಳಗೆ ಇರುವ ಕಡೆಯೆಲ್ಲ ಅಂಕವೇ ಇಲ್ಲ. ಆಗ ಹೊಳೆಯಿತು. `tan` ರೇಡಿಯನ್ ಕೇಳುತ್ತದೆ, ನಾನು ಡಿಗ್ರಿ ಕೊಟ್ಟಿದ್ದೆ. 2 ಡಿಗ್ರಿಯನ್ನು 2 ರೇಡಿಯನ್ ಅಂದುಕೊಂಡರೆ ಉತ್ತರ ಋಣ ಸಂಖ್ಯೆ. ಅದಕ್ಕೆ ಲಾಗ್ ಇಲ್ಲ.

ಸಮತಟ್ಟು ಜಾಗದ ತೂತಿಗೆ ಕಾರಣ ಬೇರೆ. ತುಂಬಿಸಿದ ತಗ್ಗಿನ ಇಳಿಜಾರು ಸೊನ್ನೆ, ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ. ನೀರು ನಿಲ್ಲುವ ಜಾಗವೇ ನಕ್ಷೆಯಿಂದ ಮಾಯ. ಇಳಿಜಾರನ್ನು ತುಂಬಿಸದ ಮೂಲ ನಕ್ಷೆಯಿಂದ ತೆಗೆದು, 0.001 ಸೇರಿಸಿದೆ:

```
ln(abs("acc@1")*30 / (tan("slope@1"*0.01745)+0.001))
```

ಕಾಕಾನ ಮೂಲೆಗೆ 400 ಚೌಕಗಳ ನೀರು ಬರುತ್ತದೆ, ಇಳಿಜಾರು 0.5 ಡಿಗ್ರಿ. ಅಂಕ ಸುಮಾರು 14. ಮೇಲಿನ ದಿಬ್ಬದಲ್ಲಿ 10 ಚೌಕ, 2 ಡಿಗ್ರಿ. ಅಂಕ 9. ಈ ಅಂಕಗಳನ್ನು ಬೇರೆ ಊರಿನ ನಕ್ಷೆಯ ಜೊತೆ ಹೋಲಿಸಬೇಡಿ. ಚೌಕದ ಅಳತೆ ಬದಲಾದರೆ ಅಂಕವೂ ಬದಲಾಗುತ್ತದೆ. ಒಂದೇ ನಕ್ಷೆಯೊಳಗೆ ಯಾವುದು ಹೆಚ್ಚು, ಯಾವುದು ಕಡಿಮೆ ಅಂತಷ್ಟೇ ನೋಡಬೇಕು.

ಅಂಕ ಹೆಚ್ಚು ಬಂದ ಆರು ಜಾಗಗಳಲ್ಲಿ ಕಾಕಾ ಜೊತೆ ಗುಂಡಿ ತೆಗೆದು ನೋಡಿದೆ. ನಾಲ್ಕರಲ್ಲಿ ಎರಡು ಅಡಿಯೊಳಗೆ ನೀರು ಬಂತು. ಆದರೆ ಅಂಕ ಬರೀ 10 ಇದ್ದ ಇನ್ನೊಂದು ಹೊಲದಲ್ಲಿ ಒಂದೇ ಅಡಿಗೆ ನೀರು! ಮೇಲೆ ಬಿಳಿ ಉಪ್ಪಿನ ಪದರವೂ ಇತ್ತು.

"ತಮ್ಮಾ, ಇಲ್ಲಿ ನೀರು ಮ್ಯಾಲಿಂದ ಹರಿದು ಬರೂದಿಲ್ಲ. ಕಾಲುವಿ ಬಸಿತೈತಿ," ಅಂದರು ಕಾಕಾ.

ನೆಲದಡಿಯ ಬಸಿ ಎತ್ತರದ ನಕ್ಷೆಯಲ್ಲಿ ಎಲ್ಲಿ ಕಾಣಬೇಕು? ಈಗ ಕಾಲುವೆಯ ಗೆರೆಯನ್ನೂ ನಕ್ಷೆಯ ಮೇಲೆ ಹಾಕಿಕೊಂಡು, ಅದರ ಕೆಳಗಿನ ಹೊಲಗಳಲ್ಲಿ ಅಂಕ ಎಷ್ಟೇ ಇರಲಿ, ಗುಂಡಿ ತೆಗೆದೇ ನೋಡುತ್ತೇನೆ.